‘ಮತ್ತೆ ಪ್ರಯತ್ನಿಸಿ’ ಎನ್ನುವ ಮೊದಲು ಕಾರಣ ಬೇರ್ಪಡಿಸಿ

ಪ್ರಶ್ನೆ: ನಮ್ಮ ಆನ್‌ಲೈನ್ ಅರ್ಜಿಯಲ್ಲಿ ಫೋಟೊ ಸೇರಿಸುವ ಹಂತಕ್ಕೆ ಬಂದು ಬಹಳ ಜನ ಅಲ್ಲೇ ನಿಂತುಬಿಡುತ್ತಾರೆ. ಏನೇ ಎಡವಟ್ಟಾದರೂ ನಾವು ತೋರಿಸುವುದು ‘ಅಪ್‌ಲೋಡ್ ವಿಫಲವಾಗಿದೆ. ದಯವಿಟ್ಟು ಮತ್ತೆ ಪ್ರಯತ್ನಿಸಿ’ ಅಂತಲೇ. ಜನ ಒತ್ತಿದ್ದೇ ಒತ್ತಿ, ಕೊನೆಗೆ ಸಹಾಯವಾಣಿಗೆ ಫೋನ್ ಮಾಡುತ್ತಾರೆ. ಈ ಸಂದೇಶವನ್ನು ಹೇಗೆ ಬರೆದರೆ ಅವರಿಗೆ ಅರ್ಥವಾದೀತು?

ಉತ್ತರ: ಆ ವಾಕ್ಯವನ್ನು ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ. ಹಲವು ತೊಂದರೆಗಳಿಗೆ ನೀವು ಒಂದೇ ಮಾತು ಹೇಳುತ್ತಿದ್ದೀರಿ. ಫೋಟೊ ತೀರಾ ದೊಡ್ಡದಿರಬಹುದು. ನಿಮ್ಮ ಸರ್ವರ್ ಒಪ್ಪದ ಬಗೆಯ ಫೈಲ್ ಆಗಿರಬಹುದು. ನಡುವೆ ನೆಟ್‌ವರ್ಕ್ ಕಡಿದಿರಬಹುದು. ಸರ್ವರ್ರೇ ಕೈಕೊಟ್ಟಿರಬಹುದು. ಮತ್ತೆ ಒತ್ತುವುದು ಕೊನೆಯ ಎರಡಕ್ಕೆ ಮಾತ್ರ ಪರಿಹಾರವಾಗಬಲ್ಲದು. ಎಂಟು ಎಂಬಿಯ ಫೋಟೊ ಹಿಡಿದವರಿಗೆ ‘ಮತ್ತೆ ಪ್ರಯತ್ನಿಸಿ’ ಎನ್ನುವುದು ತಪ್ಪು ಸಲಹೆ, ಅವರು ಸಂಜೆಯವರೆಗೂ ಒತ್ತುತ್ತಲೇ ಇರುತ್ತಾರೆ. ಆದ್ದರಿಂದ ಪದ ಹುಡುಕುವ ಮೊದಲು ಕಾರಣಗಳನ್ನು ಬೇರ್ಪಡಿಸಿ.

ಬೇರ್ಪಡಿಸುವುದು ಕಷ್ಟವೇನಲ್ಲ ಅನಿಸಬಹುದು. ಸರ್ವರ್ ಒಂದು ಸಂಖ್ಯೆ ಕಳಿಸುತ್ತದೆ: ಗಾತ್ರ ಮೀರಿದರೆ 413, ಫೈಲಿನ ಬಗೆ ಒಪ್ಪಿಗೆಯಾಗದಿದ್ದರೆ 415, ಸರ್ವರ್ ಸದ್ಯಕ್ಕೆ ಕೆಲಸಕ್ಕೆ ಸಿಗದಿದ್ದರೆ 503. ಅದನ್ನು ನೋಡಿ ಸಂದೇಶ ಆರಿಸಿದರಾಯಿತು. ಆದರೆ ಅಪ್‌ಲೋಡ್ ವಿಷಯದಲ್ಲಿ ಹೆಚ್ಚಿನ ತಂಡಗಳು ಎಡವುವುದು ಇಲ್ಲಿಯೇ. ನಿಮ್ಮ ಪ್ರೋಗ್ರಾಮಿನ ಮುಂದೆ, ಬಂದದ್ದನ್ನು ಮೊದಲು ಪಡೆಯುವ ಸರ್ವರ್ ಆಗಿ `nginx` ಕೂರಿಸಿದ್ದೀರಿ ಎಂದುಕೊಳ್ಳೋಣ. ನೀವಾಗಿ ಬದಲಿಸದಿದ್ದರೆ ಅದರ ಮಿತಿ 1 ಎಂಬಿ. ಅದಕ್ಕಿಂತ ದೊಡ್ಡದು ಬಂದರೆ ನಿಮ್ಮ ಪ್ರೋಗ್ರಾಮಿಗೆ ಸುದ್ದಿಯನ್ನೇ ಮುಟ್ಟಿಸದೆ ಅದೇ 413 ಹೇಳಿ ಬಾಗಿಲು ಹಾಕುತ್ತದೆ. ಬ್ರೌಸರ್ ಇನ್ನೂ ಫೈಲ್ ಕಳಿಸುತ್ತಿರುವಾಗಲೇ ಸಂಪರ್ಕ ಮುಚ್ಚಿಹೋದರೆ ಆ 413 ಅದರ ಕೈಗೆ ಸಿಗದೇ ಹೋಗಬಹುದು. ಅರ್ಜಿಯ ಪುಟ ಒಂದು ಡೊಮೇನ್‌ನಲ್ಲಿ, ಫೈಲ್ ಪಡೆಯುವ ಸರ್ವರ್ ಇನ್ನೊಂದರಲ್ಲಿ ಇದ್ದರೆ ಇನ್ನೊಂದು ತೊಡಕಿದೆ: `nginx` ತಾನಾಗಿ ಕಳಿಸುವ ಉತ್ತರದಲ್ಲಿ ಸಾಮಾನ್ಯವಾಗಿ ಬೇರೆ ಡೊಮೇನಿನ ಪುಟಕ್ಕೆ ಓದಲು ಅನುಮತಿ ಕೊಡುವ ಹೆಡರ್‌ಗಳು ಇರುವುದಿಲ್ಲ, ಆಗ ಪುಟದ ಕೋಡಿಗೆ ಆ ಸಂಖ್ಯೆಯನ್ನು ಓದಲು ಬ್ರೌಸರ್ ಬಿಡುವುದಿಲ್ಲ. ಎರಡೂ ಸಂದರ್ಭಗಳಲ್ಲಿ `fetch` ಕೊಡುವುದು ಬರಿಯ ಒಂದು `TypeError`. ನೆಟ್‌ವರ್ಕ್ ಕಡಿದರೂ ಅದೇ ಬರುತ್ತದೆ. ಹೀಗೆ ದೊಡ್ಡ ಫೋಟೊ ಇಟ್ಟುಕೊಂಡವರಿಗೆ ‘ನಿಮ್ಮ ಇಂಟರ್‌ನೆಟ್ ಪರೀಕ್ಷಿಸಿ’ ಎಂಬ ಸಂದೇಶ ಹೋಗುತ್ತದೆ. ಅವರು ವೈಫೈ ಆರಿಸಿ ಹಚ್ಚುತ್ತಾರೆ, ಫೋನ್ ರೀಸ್ಟಾರ್ಟ್ ಮಾಡುತ್ತಾರೆ. ಅಷ್ಟೂ ಶ್ರಮ ವ್ಯರ್ಥ.

ಹಾಗಾಗಿ ಗಾತ್ರವನ್ನು ಕಳಿಸುವ ಮುಂಚೆಯೇ, ಫೋಟೊ ಆರಿಸಿದ ಕ್ಷಣದಲ್ಲೇ ನೋಡಿ:

```js
const MAX = 5 * 1024 * 1024;
if (file.size > MAX) showTooBig(file.size);
```

ಸರ್ವರಿನ ಮಿತಿಯನ್ನು ಇದಕ್ಕಿಂತ ತುಸು ಮೇಲಿಡಿ:

```nginx
client_max_body_size 6m;
```

ಫೈಲಿನ ಜೊತೆ ಫಾರ್ಮಿನ ಉಳಿದ ವಿವರಗಳೂ ಹೋಗುತ್ತವೆ. ಎರಡೂ ಕಡೆ ಸರಿಯಾಗಿ ಐದೇ ಇಟ್ಟರೆ ಐದರ ಅಂಚಿನ ಫೋಟೊಗಳು ನಿಮ್ಮ ಪರೀಕ್ಷೆ ದಾಟಿ `nginx` ಹತ್ತಿರ ಸಿಕ್ಕಿಬೀಳುತ್ತವೆ. ಪುಟದ ಕೋಡನ್ನು ತಪ್ಪಿಸಿ ಬರುವವರೂ ಇರುವುದರಿಂದ ಐದರ ಪರೀಕ್ಷೆ ನಿಮ್ಮ ಸರ್ವರ್ ಪ್ರೋಗ್ರಾಮಿನಲ್ಲೂ ಇರಲಿ.

ಈಗ ಮಾತಿಗೆ ಬರೋಣ. ಗಾತ್ರದ ಸಂದೇಶವನ್ನು ನಾನು ಹೀಗೆ ಬರೆಯುತ್ತೇನೆ:

> ಈ ಫೋಟೊ 8.4 ಎಂಬಿ ಇದೆ. ಇಲ್ಲಿ 5 ಎಂಬಿವರೆಗಿನ ಫೋಟೊ ಮಾತ್ರ ಸೇರಿಸಬಹುದು. ನೀವು ತುಂಬಿದ ಉಳಿದ ವಿವರಗಳು ಹಾಗೇ ಇವೆ.
> ಫೋಟೊ ಚಿಕ್ಕದಾಗಿಸಿ ಸೇರಿಸಿ | ಬೇರೆ ಫೋಟೊ ಆರಿಸಿ

‘ಫೈಲ್ ದೊಡ್ಡದಾಗಿದೆ’ ಎಂದಷ್ಟೇ ಹೇಳಿದರೆ ಎಷ್ಟು ಚಿಕ್ಕದಾಗಬೇಕೆಂದು ಓದುಗರಿಗೆ ತಿಳಿಯದು, ಅದಕ್ಕೇ ಎರಡೂ ಅಂಕಿ ಬೇಕು. ಇಲ್ಲೊಂದು ಸಣ್ಣ ತೊಡಕಿದೆ: 5.02 ಎಂಬಿಯ ಫೋಟೊವನ್ನು ಒಂದೇ ದಶಮಾಂಶಕ್ಕೆ ಇಳಿಸಿದರೆ ‘ಈ ಫೋಟೊ 5.0 ಎಂಬಿ ಇದೆ, ಮಿತಿ 5 ಎಂಬಿ’ ಎಂದು ತೋರುತ್ತದೆ, ಓದಿದವರು ಕಂಗಾಲಾಗುತ್ತಾರೆ. ಗಾತ್ರವನ್ನು ಯಾವಾಗಲೂ ಮೇಲಕ್ಕೆ ಸರಿಸಿ, 5.1 ಎಂದು ತೋರಿಸಿ.

ಇನ್ನು ಮುಂದಿನ ಹೆಜ್ಜೆ. ‘ಫೋಟೊ ಕುಗ್ಗಿಸಿ ಮತ್ತೆ ಸೇರಿಸಿ’ ಎಂದು ಬರೆಯುವುದು ಸುಲಭ, ಆದರೆ ಫೋನಿನಲ್ಲಿ ಫೋಟೊ ಕುಗ್ಗಿಸುವುದು ಹೇಗೆಂದು ಬಹಳಷ್ಟು ಜನರಿಗೆ ಗೊತ್ತಿರುವುದಿಲ್ಲ. ಬ್ರೌಸರಿನ `canvas` ಬಳಸಿ ಆ ಕೆಲಸವನ್ನು ಪುಟವೇ ಮಾಡಬಲ್ಲದು. ಆಗ ಸೂಚನೆಯ ಜಾಗದಲ್ಲಿ ಒಂದು ಗುಂಡಿ ಸಾಕು. ದಾಖಲೆಯ ಸಣ್ಣ ಅಕ್ಷರ ಮಸುಕಾಗುವ ಸಾಧ್ಯತೆ ಇದ್ದರೆ ಮಾತ್ರ ಕುಗ್ಗಿಸಿದ ಚಿತ್ರವನ್ನು ಮೊದಲು ತೋರಿಸಿ ಒಪ್ಪಿಗೆ ಕೇಳಿ. ಉಳಿದ ವಿವರಗಳು ಹಾಗೇ ಇವೆ ಎಂಬ ಸಾಲನ್ನು ಕೈಬಿಡಬೇಡಿ. ಎರಡು ಪುಟದ ಅರ್ಜಿ ತುಂಬಿದವರಿಗೆ ಆ ಹೊತ್ತಿನ ಮೊದಲ ಆತಂಕ ಅದೇ. ವಿವರಗಳು ನಿಜಕ್ಕೂ ಉಳಿದಿರಬೇಕು ಎಂಬುದು ಹೇಳದೆಯೂ ಗೊತ್ತಾಗುವ ಮಾತು.

ಫೈಲಿನ ಬಗೆಯ ವಿಷಯ ಬೇಗ ಮುಗಿಯುತ್ತದೆ. ‘ಅಮಾನ್ಯ ಕಡತ ಸ್ವರೂಪ’ ಎಂದು ಬರೆಯಬೇಡಿ. 2017ರ ಐಒಎಸ್ 11ರಿಂದೀಚೆಗೆ ಹೊಸ ಐಫೋನ್‌ಗಳು ಫೋಟೊವನ್ನು ಹೆಚ್ಚಾಗಿ ಹೀಕ್ ಫೈಲಾಗಿ ಉಳಿಸುತ್ತವೆ. ಫೋಟೊ ತೆಗೆದವರಿಗೆ ಅದರ ಅರಿವೇ ಇರುವುದಿಲ್ಲ. ಸಾಧ್ಯವಾದರೆ ಸರ್ವರಿನಲ್ಲೇ ಅದನ್ನು ಜೆಪೆಗ್‌ಗೆ ಬದಲಿಸಿಕೊಳ್ಳಿ, ಸಂದೇಶವೇ ಬೇಕಾಗುವುದಿಲ್ಲ. ಆಗದಿದ್ದರೆ ‘ಇದು ಹೀಕ್ ಫೋಟೊ. ನಮಗೆ ಜೆಪೆಗ್ ಅಥವಾ ಪಿಎನ್‌ಜಿ ಬೇಕು’ ಎಂದು ಹೆಸರು ಹಿಡಿದು ಹೇಳಿ, ಬದಲಿಸುವ ವಿಧಾನವನ್ನು ಅಲ್ಲೇ ಕೊಡಿ.

ಬಹಳ ಎಚ್ಚರ ಬೇಕಾದದ್ದು ನೆಟ್‌ವರ್ಕ್ ಕಡಿದಾಗ. ಕೆಲವು ಸಲ ಫೋಟೊ ಸರ್ವರ್ ತಲುಪಿ ಉಳಿದಿರುತ್ತದೆ, ‘ಬಂತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರುತ್ತದೆ. ಆಗ ‘ವಿಫಲವಾಗಿದೆ’ ಎಂದರೆ ಅದು ಸುಳ್ಳು. ಫೋಟೊ ಎರಡು ಸಲ ಬಂದರೆ ಹಾನಿಯಿಲ್ಲ, ಆದರೆ ಕೊನೆಯ ‘ಅರ್ಜಿ ಸಲ್ಲಿಸಿ’ ಗುಂಡಿಯಲ್ಲೂ ಇದೇ ಸಂದೇಶ ಇಟ್ಟಿದ್ದರೆ ಒಬ್ಬರದೇ ಎರಡು ಅರ್ಜಿಗಳು ಬಂದು ಕೂರುತ್ತವೆ. ಪ್ರತಿ ಅರ್ಜಿಗೂ ಪುಟವೇ ಒಂದು ಗುರುತಿನ ಸಂಖ್ಯೆ ಸೃಷ್ಟಿಸಿ ಜೊತೆಗೆ ಕಳಿಸಲಿ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸ ಅರ್ಜಿ ಮಾಡದೆ ಹಳೆಯ ಉತ್ತರವನ್ನೇ ಕೊಡಲಿ. ಆ ವ್ಯವಸ್ಥೆ ಇದ್ದಾಗ ಮಾತ್ರ ನೀವು ಧೈರ್ಯವಾಗಿ ಹೀಗೆ ಬರೆಯಬಹುದು:

> ಸಂಪರ್ಕ ನಡುವೆ ಕಡಿದದ್ದರಿಂದ ನಿಮ್ಮ ಅರ್ಜಿ ನಮಗೆ ತಲುಪಿತೋ ಇಲ್ಲವೋ ಇನ್ನೂ ಖಚಿತವಾಗಿಲ್ಲ. ಮತ್ತೆ ಸಲ್ಲಿಸಿದರೂ ಎರಡು ಅರ್ಜಿ ಆಗುವುದಿಲ್ಲ.
> ಮತ್ತೆ ಸಲ್ಲಿಸಿ

ಕಾರಣ ಇಂಥದ್ದೇ ಎಂದು ತಿಳಿಯದ ತಪ್ಪುಗಳು ಎಷ್ಟು ಮಾಡಿದರೂ ಒಂದಿಷ್ಟು ಉಳಿಯುತ್ತವೆ. ಅವುಗಳಿಗೆ ಇಂಟರ್‌ನೆಟ್ ಮೇಲೆ ಗೂಬೆ ಕೂರಿಸದೆ ‘ಏನೋ ತೊಂದರೆಯಾಗಿದೆ, ಫೋಟೊ ಸೇರಿತೋ ಇಲ್ಲವೋ ಖಚಿತವಾಗಿಲ್ಲ’ ಎಂದು ಒಪ್ಪಿಕೊಳ್ಳಿ. ‘ನಮ್ಮ ಕಡೆ ತೊಂದರೆಯಾಗಿದೆ, ಫೋಟೊ ಸೇರಿಲ್ಲ’ ಎನ್ನುವುದು ಸರ್ವರ್ ತಪ್ಪೆಂಬುದು 500ರಂಥ ಸಂಖ್ಯೆಯಿಂದ ಖಚಿತವಾದಾಗ ಮಾತ್ರ. ಕೆಳಗೆ ಚಿಕ್ಕದಾಗಿ ಒಂದು ದೂರು ಸಂಖ್ಯೆ ಕೊಡಿ, ಫೋನಿನಲ್ಲಿ ಓದಿ ಹೇಳುವಷ್ಟು ಚುಟುಕಾಗಿರಲಿ. ಅದೇ ಸಂಖ್ಯೆ ನಿಮ್ಮ ಲಾಗ್‌ನಲ್ಲೂ ಇದ್ದರೆ ಸಹಾಯವಾಣಿಯವರು ಕಾರಣವನ್ನು ನೇರವಾಗಿ ಹುಡುಕಬಹುದು.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ತಂಡದ ಹೊರಗಿನ ಒಬ್ಬರಿಗೆ ಸಂದೇಶ ತೋರಿಸಿ, ‘ಈಗ ಏನು ಮಾಡುತ್ತೀರಿ?’ ಎಂದಷ್ಟೇ ಕೇಳಿ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಹೊಸದನ್ನು ಬಿಟ್ಟ ಮೇಲೆ, ಒಬ್ಬರೇ ಅದೇ ಗಾತ್ರದ ಫೋಟೊವನ್ನು ಒಂದರ ಹಿಂದೊಂದು ಆರಿಸಿ ತಿರಸ್ಕೃತರಾಗುತ್ತಿದ್ದಾರೆಯೇ ಎಂಬುದನ್ನು ದಾಖಲಿಸಿಕೊಂಡು ನೋಡಿ. ಪುಟದಲ್ಲೇ ತಡೆದದ್ದು ಸರ್ವರ್ ಲಾಗ್‌ಗೆ ಬರುವುದಿಲ್ಲವಾದ್ದರಿಂದ ಆ ಎಣಿಕೆಯನ್ನು ಪುಟದಿಂದ ಪ್ರತ್ಯೇಕವಾಗಿ ಕಳಿಸಿಕೊಳ್ಳಬೇಕಾಗುತ್ತದೆ.