ವಾರ್ಫರಿನ್ ಮಾತ್ರೆಯೂ ಅರಿಶಿನ ಹಾಲೂ

"ಶಿರಸಿಯಲ್ಲಿರುವ ನನ್ನ ಆಯಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ರಾತ್ರಿ ಅರಿಶಿನ ಹಾಲಿಗೆ ಕಾಳುಮೆಣಸು ಸೇರಿಸಿ ಕೊಡಬಹುದೇ?"

ದಯವಿಟ್ಟು ಕೊಡಬೇಡಿ. ಅರ್ಧ ಚಮಚ ಅರಿಶಿನದಲ್ಲಿ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರುವುದೇ ಸುಮಾರು 50 ಮಿಲಿಗ್ರಾಂ. ಅದು ನೀರಿನಲ್ಲಿ ಕರಗದ ಕಾರಣ ಕರುಳು ಸ್ವಲ್ಪವನ್ನಷ್ಟೇ ಹೀರಿಕೊಳ್ಳುತ್ತದೆ, ಹೀರಿಕೊಂಡದ್ದನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ನಮ್ಮ ತೋಟದ ಮೆಣಸಿನಲ್ಲಿರುವ ಪೈಪರಿನ್ ಈ ಮಾರ್ಪಾಟನ್ನು ತಡೆಯುತ್ತದೆ, ಆದರೆ ಅದೇ ತಡೆ ಕೆಲವು ಔಷಧಗಳಿಗೂ ತಗಲುವುದರಿಂದ ವಾರ್ಫರಿನ್ನಿನ ಪರಿಣಾಮ ಹೆಚ್ಚಿ ರಕ್ತಸ್ರಾವವಾಗುವ ಅಪಾಯವಿದೆ. ಸಾರು, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಹಾಲನ್ನು ಈಗಾಗಲೇ ನಿತ್ಯ ಕೊಡುತ್ತಿದ್ದರೆ ವೈದ್ಯರಿಗೆ ತಿಳಿಸಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಒಸಡಿನಲ್ಲಿ ರಕ್ತ, ಕಾರಣವಿಲ್ಲದೆ ಚರ್ಮ ನೀಲಿಗಟ್ಟುವುದು ಅಥವಾ ಕಪ್ಪು ಮಲ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕರ್ಕ್ಯುಮಿನ್ ಪಿತ್ತಕೋಶವನ್ನು ಸಂಕುಚಿಸುವುದರಿಂದ, ಅಲ್ಲಿ ಕಲ್ಲಿರುವವರೂ ಈ ಹಾಲಿನಿಂದ ದೂರವಿರಬೇಕು.