ಗೌರಿ ಹಬ್ಬದಿಂದ ಹಾಸನಾಂಬೆ ತನಕ: ಮಗಳ ಫೀಸಿನ ದುಡ್ಡು ಮುಟ್ಟದೆ ಹಬ್ಬ ಮಾಡಿದ ಒಂದು ಮನೆ

ಹಾಸನದಲ್ಲಿ ಕೌನ್ಸೆಲಿಂಗ್ ಮಾಡ್ತೀನಿ, ಗಂಡ ಹೆಂಡತಿ ಜಗಳ ಅಂತ ಬಂದವರ ಹತ್ರ ಎರಡನೇ ಸಲ ಕೂತು ಮಾತಾಡಿದ್ರೆ ಎಷ್ಟೋ ಸಲ ಕೊನೆಗೆ ದುಡ್ಡಿನ ವಿಷಯಕ್ಕೇ ಬಂದು ನಿಲ್ಲತ್ತೆ. ಈ ಮನೆಯವರ ಹೆಸರು, ಕೆಲವು ವಿವರ ಬದಲಾಯಿಸಿದೀನಿ. ಆಕೆನ ಶೈಲಾ ಅಂತ ಇಟ್ಕೊಳಣ. ಮನೇಲೇ ಬ್ಲೌಸ್ ಹೊಲಿತಾರೆ, ಯಜಮಾನರಿಗೆ ಒಂದು ಫ್ಯಾಕ್ಟರೀಲಿ 27,000 ಸಂಬಳ, ಮಗಳು ಸೆಕೆಂಡ್ ಪಿಯು, ಮಗ ಎಂಟನೇ ಕ್ಲಾಸು, ಜೊತೆಗೆ ಅತ್ತೆ.

ಆಷಾಢದಲ್ಲಿ ಬಂದ್ರು. ಮಗಳ ಕಾಲೇಜ್ ಫೀಸಿಗೆ ಅಂತ ಆರ್‌ಡಿ ಕಟ್ಟಿ ಎತ್ತಿಟ್ಟಿದ್ದ ದುಡ್ಡಲ್ಲಿ ಹೋದ ವರ್ಷ ಹಬ್ಬಕ್ಕೆ ಅಂತ 24,000 ತೆಗೆದಿದ್ರು, ಸಂಕ್ರಾಂತಿ ಒಳಗೆ ವಾಪಸ್ ಹಾಕ್ತೀವಿ ಅಂದ್ಕೊಂಡಿದ್ರು, ಹಾಕಕ್ಕೇ ಆಗಿರ್ಲಿಲ್ಲ. ಈ ವರ್ಷ ಮತ್ತೆ ಗೌರಿ ಹಬ್ಬ ಹತ್ರ ಬರ್ತಿದೆ ಅಂದ ತಕ್ಷಣ ಮನೇಲಿ ಮಾತೇ ನಿಂತೋಗಿತ್ತು. "ಮೇಡಂ, ನಾನು ಸೀರೆಗೆ ಸುರಿತೀನಿ ಅಂತಾರೆ ಇವ್ರು, ಇವ್ರು ತಂಗಿದೀರಿಗೆ ಸುರಿತಾರೆ ಅಂತ ನಾನ್ ಹೇಳೋ ಹಾಗಿಲ್ಲ" ಅಂದ್ರು ಶೈಲಾ.

ನಾನು ಮೊದಲು ಕೇಳಿದ್ದು ಹೋದ ವರ್ಷ ಒಟ್ಟು ಎಷ್ಟಾಯ್ತು ಅಂತ. ಆಕೆ 25,000 ಅಂದ್ರು, ಯಜಮಾನರು 20,000 ದಾಟಿಲ್ಲ ಅಂದ್ರು. ಹಾಗಾದ್ರೆ ಇಬ್ರೂ ಕೂತ್ಕೊಂಡು ಫೋನಲ್ಲಿ ಪೇಮೆಂಟ್ ಹಿಸ್ಟರಿ ತೆಗೆದು ಗೌರಿ ಹಬ್ಬಕ್ಕೆ ಹದಿನೈದು ದಿನ ಮುಂಚಿನಿಂದ ಬಲಿಪಾಡ್ಯಮಿ ತನಕ ಒಂದೊಂದನ್ನೂ ನೋಟ್‌ಬುಕ್ಕಲ್ಲಿ ಬರ್ಕೊಂಡು ಬನ್ನಿ, ಕ್ಯಾಶ್ ಕೊಟ್ಟಿದ್ದು ನೆನಪಿದ್ದಷ್ಟು ಸೇರಿಸಿ ಅಂತ ಕಳಿಸ್ದೆ. ಬಂದಾಗ ಮೊತ್ತ 43,600. ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ತಿದ್ರು.

ಬಟ್ಟೆಗೆ 17,500, ಯಾಕಂದ್ರೆ ಗೌರಿಗೊಂದ್ಸಲ ದೀಪಾವಳಿಗೊಂದ್ಸಲ ಐದೂ ಜನಕ್ಕೆ ತಗೊಂಡಿದ್ರು. ಬಾಗಿನ, ಮುಯ್ಯಿ ಅಂತ 8,600. ಸ್ವೀಟು, ಡ್ರೈ ಫ್ರೂಟ್ 4,700. ಹೂವು, ಬಾಳೆಕಂಬ, ಲೈಟಿನ ಸರ, ಪಟಾಕಿ 4,800. ಮಿಕ್ಕ 8,000 ಎಲ್ಲಿಗೆ ಹೋಯ್ತು ಅನ್ನೋದೇ ಇಬ್ಬರಿಗೂ ಗೊತ್ತಿರ್ಲಿಲ್ಲ. ನೋಡಿದ್ರೆ ಅದು ಹಾಸನಾಂಬೆ ದರ್ಶನಕ್ಕೆ ಬಂದ ನೆಂಟರದ್ದು! ಗುಡಿ ಬಾಗಿಲು ವರ್ಷಕ್ಕೊಂದ್ಸಲ ಆ ಕೆಲವೇ ದಿನ ತೆಗೆಯೋದು, ಬೆಂಗಳೂರು ಮೈಸೂರಿಂದ ಬರೋರೆಲ್ಲ ಹಾಸನದಲ್ಲಿ ಮನೆ ಇರೋರ ಹತ್ರ ಉಳ್ಕೊತಾರೆ, ರಾತ್ರಿ ಕ್ಯೂ ನಿಂತು ಬಂದವರಿಗೆ ಬೆಳಿಗ್ಗೆ ತಿಂಡಿ ಮಾಡ್ಬೇಕು, ಹಾಲು ಎರಡು ಲೀಟರ್ ಜಾಸ್ತಿ, ಸಿಲಿಂಡರ್ ಬೇಗ ಖಾಲಿ, ಹೋಗೋವಾಗ ಕುಂಕುಮದ ಜೊತೆ ಬ್ಲೌಸ್ ಪೀಸು. ಇದನ್ನ ಯಾರೂ ಹಬ್ಬದ ಖರ್ಚು ಅಂತ ಬರೆಯೋದೇ ಇಲ್ಲ, ಮನೆ ಖರ್ಚು ಅಂತ ಆ ತಿಂಗಳ ಸಂಬಳಕ್ಕೆ ಸೇರಿಸ್ತಾರೆ, ಹಾಗಾಗಿ ತಿಂಗಳ ಕೊನೇಲಿ ಆರ್‌ಡಿ ದುಡ್ಡಿಗೆ ಕೈ ಹೋಗತ್ತೆ. ಹಾಸನದ ಮನೆಗಳು ಹಬ್ಬದ ಲೆಕ್ಕ ಹಾಕುವಾಗ ನೆಂಟರಿಗೆ ಅಂತಲೇ ಒಂದು ಬೇರೆ ಕವರ್ ಇಡ್ಲೇಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ.

ಆಮೇಲೆ ನಾನು ಹೇಳಿದ್ದು, ಏನೇನು ಬೇಕು ಅಂತ ಪಟ್ಟಿ ಆಮೇಲೆ ಮಾಡಿ, ಆ ಉಳಿತಾಯ ಮುಟ್ಟದೆ ಎಷ್ಟು ಬರತ್ತೆ ಅಂತ ಮೊದಲು ನೋಡಿ. ಸಂಬಳದಲ್ಲಿ ತಿಂಗಳಿಗೆ 2,500, ದೀಪಾವಳಿ ತನಕ ನಾಲ್ಕು ತಿಂಗಳಿಗೆ 10,000. ಇನ್ನೊಂದು ದಾರಿ ಶೈಲಾ ಕೈಯಲ್ಲೇ ಇತ್ತು. ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ಮುಂಚೆ ಬ್ಲೌಸ್ ಮೇಲೆ ಬ್ಲೌಸ್ ಬರತ್ತೆ, ಆದ್ರೆ ಅಕ್ಕಪಕ್ಕದವರು ಹಬ್ಬ ಆದ್ಮೇಲೆ ಕೊಡ್ತೀನಿ ಅಂತಾರೆ, ಈಕೆ ಉದ್ರಿ ಬಿಡ್ತಾರೆ, ಅಂದ್ರೆ ಊರೋರ ಹಬ್ಬಕ್ಕೆ ಈಕೆ ಸಾಲ ಕೊಟ್ಟು ತನ್ನ ಹಬ್ಬಕ್ಕೆ ಮಗಳ ಫೀಸು ತೆಗಿತಿದ್ರು. ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟ ಮೇಲೇ ಬಟ್ಟೆ ಕತ್ತರಿಸೋದು, ಮಿಕ್ಕಿದ್ದು ಬ್ಲೌಸ್ ಕೈಗೆ ಕೊಡುವಾಗಲೇ ಅಂತ ಮೆಷಿನ್ ಪಕ್ಕ ಬರೆದು ಅಂಟಿಸಿ ಅಂದೆ. ಹಾಗೆ ಮಾಡಿದ್ದಕ್ಕೆ ಸೀಸನ್ನಲ್ಲಿ 9,000 ಜಾಸ್ತಿ ಕೈಗೆ ಬಂತು. ಒಟ್ಟು 19,000, ಅಷ್ಟೇ ಹಬ್ಬ. ಯಜಮಾನರು "ಬೋನಸ್ ಬರತ್ತಲ್ಲ ಮೇಡಂ" ಅಂದ್ರು. ಬೋನಸ್ ದೀಪಾವಳಿ ಹೊತ್ತಿಗೆ ಬರೋದು, ಗೌರಿ ಹಬ್ಬದ ಬಟ್ಟೆ ಅಂಗಡಿ ಬಿಲ್ಲು ಅದಕ್ಕೆ ಎರಡು ತಿಂಗಳು ಮುಂಚೆ, ಬರದೇ ಇರೋ ದುಡ್ಡನ್ನ ಬಾಯಲ್ಲಿ ಖರ್ಚು ಮಾಡಿಬಿಟ್ಟಿರ್ತೀರಿ, ಬಂದಾಗ ಅದು ಇರಲ್ಲ. ಬಂದ್ರೆ ಬರ್ಲಿ, ಲೆಕ್ಕದೊಳಗೆ ಬೇಡ ಅಂದೆ.

ಕಷ್ಟ ಆಗಿದ್ದು ಮುಯ್ಯಿ. ಇಬ್ಬರು ನಾದಿನಿಯರು. ಅತ್ತೆ ಹತ್ರ ಒಂದು ಹಳೇ ಪುಸ್ತಕ ಇತ್ತು, ಯಾರು ಏನು ಕೊಟ್ರು ಅಂತ ಬರೆದಿದ್ದು, ಅದನ್ನ ತರಿಸಿ ನೋಡಿದ್ವಿ. ದೊಡ್ಡ ನಾದಿನಿ ಕೊಟ್ಟ ಸೀರೆ 2,400 ರೂಪಾಯಿದು ಅಂತ ಇವರು 3,000ದ್ದು ಕೊಟ್ಟಿದ್ರು, ಅದರ ಮುಂದಿನ ವರ್ಷ ಅವ್ರು ಇನ್ನೂ ಮೇಲೆ. ಹೀಗೆ ಎರಡು ಕಡೆನೂ ಏರ್ತಾನೇ ಹೋಗಿದೆ, ಆ ಸೀರೆಗಳಲ್ಲಿ ಮೂರು ಶೈಲಾ ಬೀರುವಲ್ಲಿ ಫಾಲ್ಸ್ ಕೂಡ ಹಾಕಿಸದೆ ಕೂತಿದ್ವು. ಯಜಮಾನರಿಗೆ ನಾನು ಹೇಳಿದೆ, ಕಮ್ಮಿ ಕೊಡೋದನ್ನ ಹಬ್ಬದ ದಿನ ತಟ್ಟೆ ನೋಡಿ ಅವ್ರಿಗೆ ಗೊತ್ತಾಗೋ ಹಾಗೆ ಮಾಡ್ಬೇಡಿ, ಒಂದು ತಿಂಗಳು ಮುಂಚೆ ನೀವೇ ಫೋನ್ ಮಾಡಿ, ಹೆಂಡತಿ ಕೈಲಿ ಮಾಡಿಸ್ಬೇಡಿ, ತಂಗಿಗೆ ಅಣ್ಣನೇ ಹೇಳ್ಬೇಕು. "ಈ ವರ್ಷ ಪಾಪು ಫೀಸಿದೆ ಕಣಮ್ಮ, ಬಾಗಿನ ಕೊಡ್ತೀನಿ, ಜೊತೆಗೆ 2,000 ಇಡ್ತೀನಿ, ನೀನೂ ನಮಗೆ ಸೀರೆ ತರ್ಬೇಡ" ಅಂತ ನೇರವಾಗಿ. ಚಿಕ್ಕವರು "ಸದ್ಯ ಅಣ್ಣ, ನಂಗೂ ಅದೇ ಚಿಂತೆ ಇತ್ತು" ಅಂದ್ರಂತೆ. ದೊಡ್ಡವರು ಫೋನ್ ಇಟ್ಟುಬಿಟ್ರಂತೆ.

ಮುಯ್ಯಿಗೆ 5,000, ಅದರಲ್ಲಿ ಮೊರ, ಬಳೆ, ಅರಿಶಿನ ಕುಂಕುಮದ ಸಾಮಾನು ಸೇರಿ. ನೆಂಟರಿಗೆ 6,000. ಬಟ್ಟೆ 5,000, ಒಂದೇ ಸಲ, ಮಕ್ಕಳಿಬ್ಬರಿಗೂ ಅತ್ತೆಗೂ ಮಾತ್ರ, ಶೈಲಾ ಆ ಬೀರುವಿನ ಸೀರೆಗೆ ಬ್ಲೌಸ್ ಹೊಲ್ಕೊಂಡ್ರು. ಹೂವು ಅಲಂಕಾರಕ್ಕೆ 1,500, ಹಬ್ಬದ ಹಿಂದಿನ ದಿನ ಸೇವಂತಿಗೆ ರೇಟು ಕೇಳಂಗಿರಲ್ಲ ಅಂತ ಮಾರುಗಟ್ಟಲೆ ಹೂವು ಬಿಟ್ಟು ದೇವರಿಗೆ ಎಷ್ಟೋ ಅಷ್ಟು, ಮಿಕ್ಕಿದ್ದಕ್ಕೆ ಮಾವಿನ ಸೊಪ್ಪು, ಹೋದ ವರ್ಷದ್ದೇ ಲೈಟಿನ ಸರ. ಸ್ವೀಟಿಗೂ 1,500. ಒಂದೊಂದಕ್ಕೂ ಒಂದು ಕವರು, ಕ್ಯಾಶೇ, ಹಬ್ಬದ ಖರೀದಿಗೆ ಫೋನ್ ಪೇಮೆಂಟ್ ಬೇಡ ಅಂದೆ, ಕವರ್ ತೆಳ್ಳಗಾಗೋದು ಕೈಗೆ ಗೊತ್ತಾಗತ್ತೆ.

ಸ್ವೀಟಿನ ಐಡಿಯಾ ಮಾತ್ರ ಅತ್ತೆದು. ಹೋದ ವರ್ಷ ನೆಂಟರು ಯಾವತ್ತು ಬರ್ತಾರೋ ಗೊತ್ತಿಲ್ಲ ಅಂತ ಬಾಕ್ಸ್ ಮೇಲೆ ಬಾಕ್ಸ್ ತಂದು ಹಾಲಿನ ಸ್ವೀಟು ಹುಳಿ ಬಂದು ಎಸೆದಿದ್ರು. "ಕಜ್ಜಾಯದ ಪಾಕ ಮಾಡಿಡೋಣ" ಅಂದ್ರು ಅವ್ರು. ಅಕ್ಕಿ ನೆನೆಸಿ, ನೆರಳಲ್ಲಿ ಬಟ್ಟೆ ಮೇಲೆ ಹರಡಿ, ಪೂರ್ತಿ ಒಣಗೋಕೆ ಬಿಡದೆ ಕೈಗೆ ತಂಪು ಇರುವಾಗಲೇ ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸಿ, ಬೆಲ್ಲದ ಪಾಕಕ್ಕೆ ಹಾಕಿ ಎಳ್ಳು ಗಸಗಸೆ ಕಲಸಿ ಡಬ್ಬಿಗೆ ತುಂಬಿದ್ರೆ ಕೆಲವು ದಿನ ಏನೂ ಆಗಲ್ಲ, ನೆಂಟರು ಬಂದಾಗ ಎಷ್ಟು ಜನವೋ ಅಷ್ಟು ತಟ್ಟಿ ಎಣ್ಣೆಗೆ ಬಿಟ್ರಾಯ್ತು. ನೆಂಟರು ಬಿಸಿ ಕಜ್ಜಾಯ ತಿಂತಿದ್ರು, ಒಂದೂ ಎಸೆಯಲಿಲ್ಲ.

ಕೊನೆಗೆ ಆಗಿದ್ದು 21,300. 2,300 ಜಾಸ್ತಿ, ಅದೂ ನೆಂಟರ ಕವರಿಂದಲೇ, ಒಂದು ಶನಿವಾರ ಹೇಳದೆ ಏಳು ಜನ ಬಂದಿಳಿದ್ರು. ಬೋನಸ್ 8,100 ಬಂದಿದ್ದರಲ್ಲಿ ಅದನ್ನ ಕಳೆದು 5,800 ಫೀಸಿನ ದುಡ್ಡಿಗೆ ವಾಪಸ್ ಹಾಕಿದ್ರು. ಅಲ್ಲಿಗೆ ಹಳೇ ಗುಂಡಿ 18,200 ಉಳಿತು. ಹಬ್ಬಕ್ಕೆ ಅಂತ ಎತ್ತಿಡ್ತಿದ್ದ 2,500ನ ನಿಲ್ಲಿಸದೆ ಮೇ ತನಕ ಏಳು ತಿಂಗಳು ಹಾಕಿದ್ರೆ 17,500, ಇನ್ನು 700 ಬ್ಲೌಸ್ ದುಡ್ಡಲ್ಲಿ ಅಂತ ಶೈಲಾ ನನ್ನ ಮುಂದೇನೇ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ದೊಡ್ಡ ನಾದಿನಿ ಹಾಸನಾಂಬೆಗೆ ಬಂದವರು ಮನೆಗೆ ಬರ್ಲಿಲ್ಲವಂತೆ, ಅವ್ರ ಬಾಗಿನದ ಮೊರ ಇನ್ನೂ ದೇವರ ಮನೇಲೇ ಇದೆ. ಈ ಭಾನುವಾರ ಯಜಮಾನರೇ ತಗೊಂಡು ಹೋಗಿ ಕೊಟ್ಟು ಊಟ ಮಾಡ್ಕೊಂಡು ಬರ್ತಾರೆ ಅಂತ ಮಾತಾಗಿದೆ.