ಟ್ಯಾಟೂ ಡಿಸೈನಿನ ಜಪಾನಿ ಅಕ್ಷರಗಳ ಅರ್ಥ ನೋಡೋದು ಹೇಗೆ?

ಪ್ರಶ್ನೆ: ನನ್ನ ತಮ್ಮ ಒಂದು ಡಿಸೈನ್ ಫೋಟೊ ಕಳಿಸಿದ್ದಾನೆ. ಜಪಾನಿಯಲ್ಲಿ ಎರಡು ಅಕ್ಷರ. ಅವನು ಹೇಳೋ ಅರ್ಥವೇ ಇದೆಯಾ ಅಂತ ಹೇಗೆ ತಿಳಿಯೋದು?

ಉತ್ತರ: ಒಂದೊಂದೇ ಅಕ್ಷರದ ಅರ್ಥ ನೋಡಿ ಕೂಡಿಸಬೇಡಿ. ಎಡವೋದೇ ಅಲ್ಲಿ. 2019ರಲ್ಲಿ ಗಾಯಕಿ ಅರಿಯಾನಾ ಗ್ರಾಂಡೆ ತನ್ನ ಹಾಡಿನ ಹೆಸರು ‘ಏಳು ಉಂಗುರ’ ಅಂತ ಅಂಗೈ ಮೇಲೆ 七輪 ಹಾಕಿಸಿಕೊಂಡರು. 七 ಅಂದರೆ ಏಳು, 輪 ಅಂದರೆ ಬಳೆ, ಚಕ್ರ. ಎರಡೂ ಸರಿ, ಅಲ್ವಾ? ಆದರೆ ಜೊತೆಗಿಟ್ಟರೆ ‘ಶಿಚಿರಿನ್’: ಇದ್ದಿಲು ಹಾಕಿ ಮೀನು ಸುಡುವ ಪುಟ್ಟ ಒಲೆ! ಉಂಗುರಕ್ಕೆ ಜಪಾನಿ ಪದ 指輪, ಬೆರಳಿನ ಬಳೆ.

ಮೊದಲು ಫೋಟೊ ಕನ್ನಡಿಯಲ್ಲಿ ಕಂಡಂತೆ ತಿರುಗಿದೆಯಾ ನೋಡಿ. ಉದಾಹರಣೆಗೆ, 七ರ ಬಾಲ ಬಲಕ್ಕೆ ಬಾಗಬೇಕು. ಎಡಕ್ಕಿದ್ದರೆ ತಿರುಗಿಸಿಕೊಳ್ಳಿ. ಆಮೇಲೆ ಫೋನಿನ ಜಪಾನಿ ಕೈಬರಹ ಕೀಬೋರ್ಡಿನಲ್ಲಿ ಅಕ್ಷರ ಗೀಚಿ, ಪೂರ್ತಿ ಪದವನ್ನು ನಿಘಂಟಿನಲ್ಲಿ ಹುಡುಕಿ. ಅದನ್ನೇ ಇಮೇಜ್ ಸರ್ಚಿಗೂ ಹಾಕಿ. ಬರೀ ಒಲೆಗಳೇ ಬಂದರೆ ಗೊತ್ತಾಯ್ತಲ್ಲ! ಪದವೇ ಸಿಗದಿದ್ದರೆ ಯಾರೋ ಸುಮ್ನೆ ಜೋಡಿಸಿದ್ದು ಅನ್ನೋ ಅನುಮಾನ ಜಾಸ್ತಿ.

ಕೊನೆಗೆ ಜಪಾನಿ ಓದುವವರಿಗೆ ತೋರಿಸಿ. ‘ಇದು ಏಳು ಉಂಗುರ ತಾನೇ?’ ಅನ್ನಬೇಡಿ, ದಾಕ್ಷಿಣ್ಯಕ್ಕೆ ಹೂಂ ಅಂದುಬಿಡ್ತಾರೆ. ‘ಏನಂತ ಬರೆದಿದೆ?’ ಅಂತಷ್ಟೇ ಕೇಳಿ.